ನೈವೇದ್ಯವೂ ನೈವೇದ್ಯದ ಖರ್ಚೂ

‘ಸೆಕ್ಯುಲರ್’ ಎಂಬ ಮಾತಿಗೆ ಕನ್ನಡದಲ್ಲಿ ಸರಿಯಾದ ಪದ ಯಾವುದೆಂದು ನಮ್ಮ ಕಾಲೇಜಿನ ರಾಜ್ಯಶಾಸ್ತ್ರದ ಮಿತ್ರರು ಆಗಾಗ ನನ್ನನ್ನು ಕೇಳುವುದುಂಟು. ‘ಜಾತ್ಯತೀತ’ ಎಂದರೆ ಮಾತು ಜಾತಿಯ ಕಡೆಗೆ ಹೊರಳುತ್ತದೆ. ‘ಧರ್ಮನಿರಪೇಕ್ಷ’ ಎಂದರೆ ಸರ್ಕಾರಕ್ಕೆ ಧರ್ಮದ ಗೊಡವೆಯೇ ಇಲ್ಲವೆಂಬಂತೆ ಕೇಳಿಸುತ್ತದೆ. ಹಾಗಿದ್ದರೆ ದೇವಸ್ಥಾನದ ಹುಂಡಿಯ ಲೆಕ್ಕವನ್ನು ಸರ್ಕಾರದ ಅಧಿಕಾರಿ ಪರಿಶೀಲಿಸುವುದೇಕೆ? ಪದದ ತೊಡಕು ನಿಜವಾಗಿ ವಸ್ತುವಿನಲ್ಲಿಯೇ ಇದೆ.

ಫ್ರಾನ್ಸಿನ 1905ರ ಕಾಯಿದೆ ಯಾವ ಪೂಜಾಪದ್ಧತಿಗೂ ರಾಜ್ಯದ ಮನ್ನಣೆಯಿಲ್ಲ, ಸಂಬಳವಿಲ್ಲ ಎಂದು ಸಾರಿತು. ಅಮೆರಿಕದ ರಾಜ್ಯಾಂಗಕ್ಕೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿ, ಮತವೊಂದನ್ನು ಸ್ಥಾಪಿಸುವ ಕಾನೂನನ್ನೂ ಮತಾಚರಣೆಯನ್ನು ತಡೆಯುವ ಕಾನೂನನ್ನೂ ಮಾಡಕೂಡದೆಂದು ವಿಧಿಸಿತು. ನಮ್ಮವರು ಹಿಡಿದ ದಾರಿ ಬೇರೆ. 25ನೆಯ ವಿಧಿ ಎಲ್ಲರಿಗೂ ಮತಸ್ವಾತಂತ್ರ್ಯವನ್ನು ಕೊಡುತ್ತದೆ. ಆದರೆ ಮತದೊಡನೆ ಹೆಣೆದುಕೊಂಡ ಹಣಕಾಸಿನ ವ್ಯವಹಾರವನ್ನು ರಾಜ್ಯ ನಿಯಂತ್ರಿಸಬಹುದು, ಹಿಂದೂ ದೇವಾಲಯಗಳ ಬಾಗಿಲನ್ನು ಎಲ್ಲ ಹಿಂದೂಗಳಿಗೂ ತೆರೆಯಿಸಬಹುದು ಎಂದೂ ಹೇಳುತ್ತದೆ. ಅಂದಮೇಲೆ ಯಾವುದು ಮತ, ಯಾವುದು ಬರಿಯ ವ್ಯವಹಾರ ಎಂದು ಯಾರಾದರೊಬ್ಬರು ಗೆರೆ ಎಳೆಯಲೇಬೇಕು.

ಆ ಗೆರೆಯನ್ನು ಮೊದಲು ಎಳೆಯಬೇಕಾಗಿ ಬಂದದ್ದು ನಮ್ಮ ಉಡುಪಿಯ ಮಠವೊಂದರ ಸಲುವಾಗಿ. ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳು 1931ರ ಪರ್ಯಾಯದ ಹೊತ್ತಿಗೆ ಸಾಲಕ್ಕೆ ಸಿಕ್ಕಿದರು. ಪರ್ಯಾಯವೆಂದರೆ ಎರಡು ವರ್ಷ ಕೃಷ್ಣನ ಪೂಜೆ, ಬಂದವರಿಗೆ ಊಟ. ಮಠದ ಹುಟ್ಟುವಳಿ ಅದಕ್ಕೆ ಸಾಲದು. ಮುಂದಿನ ಪರ್ಯಾಯ ಬಂದಾಗ ಸಾಲ ಮತ್ತಷ್ಟು ಬೆಳೆಯಿತು. ಮದರಾಸಿನ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಯೋಜನೆಯೊಂದನ್ನು ಹಾಕಲು ಹೊರಟಿತು; ಸ್ವಾಮಿಗಳು ನ್ಯಾಯಾಲಯಕ್ಕೆ ಹೋದರು.

1954ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ಕೊಟ್ಟ ತೀರ್ಪು ಇಂದಿಗೂ ಓದಿ ನೋಡತಕ್ಕದ್ದು. ಮತವೆಂದರೆ ಬರಿಯ ನಂಬಿಕೆಯಲ್ಲ, ಆಚರಣೆಯೂ ಮತವೇ. ಮತದ ಅತ್ಯಗತ್ಯ ಅಂಗ ಯಾವುದೆಂಬುದನ್ನು ಮುಖ್ಯವಾಗಿ ಆ ಮತದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದರು ಅವರು. ದೇವರಿಗೆ ಇಂಥ ಹೊತ್ತಿಗೆ ನೈವೇದ್ಯವಾಗಬೇಕೆಂದು ಮತ ಹೇಳಿದರೆ ಅದು ಮತದ ವಿಷಯ, ಹೊರಗಿನವರು ಕೈಹಾಕುವಂತಿಲ್ಲ. ಆದರೆ ಅದಕ್ಕೆ ಎಷ್ಟು ಖರ್ಚು ಮಾಡಬೇಕೆಂಬುದು ಆಸ್ತಿಯ ಆಡಳಿತ. ದತ್ತಿ ಕರಗಿಹೋಗುವಂತಿದ್ದರೆ ಕಾನೂನು ತಡೆಯಬಹುದು. ಮಠದ ವರಮಾನದಲ್ಲಿ ನೂರಕ್ಕೆ ಐದರವರೆಗೆ ಸರ್ಕಾರ ವಸೂಲು ಮಾಡುವ ಏರ್ಪಾಡನ್ನೂ ನ್ಯಾಯಾಲಯ ಹೊಡೆದುಹಾಕಿತು: ಅದು ಸೇವೆಗೆ ತೆಗೆದುಕೊಳ್ಳುವ ಶುಲ್ಕವಲ್ಲ, ತೆರಿಗೆ, ಅದನ್ನು ಹಾಕುವ ಅಧಿಕಾರ ಮದರಾಸಿನ ಶಾಸನ ಸಭೆಗಿಲ್ಲ ಎಂಬ ಕಾರಣಕ್ಕೆ.

ಮುಂದಿನ ಮೊಕದ್ದಮೆಯೂ ಅದೇ ಕರಾವಳಿಯದು. ಮೂಲ್ಕಿಯ ವೆಂಕಟರಮಣ ದೇವಾಲಯ ಗೌಡ ಸಾರಸ್ವತ ಬ್ರಾಹ್ಮಣರದು. ಎಲ್ಲ ಹಿಂದೂಗಳಿಗೂ ಅಲ್ಲಿ ಪ್ರವೇಶವಿರಬೇಕೆಂದು ಕಾನೂನು. 1957ರಲ್ಲಿ ನ್ಯಾಯಾಲಯ, ದೇವಾಲಯದೊಳಕ್ಕೆ ಯಾರು ಬರಬಹುದೆಂಬುದು ಮತದ ವಿಷಯವೇ ಹೌದು ಎಂದು ಮೊದಲು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆ, ಎಲ್ಲ ಹಿಂದೂಗಳ ಪ್ರವೇಶದ ಹಕ್ಕು ಅದಕ್ಕಿಂತ ಮಿಗಿಲು ಎಂದು ತೀರ್ಮಾನಿಸಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ಸಮಾಜದವರಿಗೆ ಉಳಿಸಿತು.

ಗಮನಿಸಿ: ಇಲ್ಲಿ ಯಾರ ನಂಬಿಕೆಯನ್ನೂ ಸುಳ್ಳೆನ್ನಲಿಲ್ಲ. ಎರಡು ಹಕ್ಕುಗಳನ್ನು ತಕ್ಕಡಿಗೆ ಹಾಕಿ ತೂಗಿದರು, ಅಷ್ಟೆ. 1961ರಲ್ಲಿ ಅಜ್ಮೇರದ ದರ್ಗಾ ಮೊಕದ್ದಮೆಯ ವೇಳೆಗೆ ದನಿ ಬದಲಾಯಿತು. ಮೂಢನಂಬಿಕೆಯಿಂದ ಬಂದು ಅಂಟಿಕೊಂಡ ಆಚರಣೆಗಳೂ ಇರಬಹುದು, ಅವನ್ನು ಜಾಲಿಸಿ ನೋಡಬೇಕು ಎಂದಿತು ನ್ಯಾಯಾಲಯ. ಮತವನ್ನೇ ಕೇಳಿ ತಿಳಿಯಬೇಕೆಂದಿದ್ದವರು ಈಗ ಮತಕ್ಕೇ ಪಾಠ ಹೇಳುವ ಜಾಗದಲ್ಲಿ ಕುಳಿತರು. ಅಮೆರಿಕದ ನ್ಯಾಯಾಧೀಶರು ಸಾಮಾನ್ಯವಾಗಿ ಈ ಕೆಲಸಕ್ಕೆ ಕೈಹಾಕುವುದಿಲ್ಲ. ನಂಬಿಕೆ ಪ್ರಾಮಾಣಿಕವೇ ಎಂದು ಕೇಳುತ್ತಾರೆ, ಅತ್ಯಗತ್ಯವೇ ಎಂದಲ್ಲ.

ಇದರ ಫಲವನ್ನು 2022ರಲ್ಲಿ ಅದೇ ಉಡುಪಿಯ ಹೆಣ್ಣುಮಕ್ಕಳು ಕಂಡರು. ತಲೆವಸ್ತ್ರ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದು ನಮ್ಮ ಉಚ್ಚ ನ್ಯಾಯಾಲಯ ಹೇಳಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯವಾಯಿತು. ಅವರಲ್ಲೊಬ್ಬರಾದ ನ್ಯಾಯಮೂರ್ತಿ ಧುಲಿಯಾ, ಅತ್ಯಗತ್ಯವೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲಿ ಬೇಕಿಲ್ಲ ಎಂದರು. ಶಾಲೆಯ ಸಮವಸ್ತ್ರಕ್ಕೂ ಹುಡುಗಿಯ ಕಲಿಕೆಗೂ ಎಷ್ಟೆಷ್ಟು ತೂಕವೆಂಬುದು ಬುದ್ಧಿವಂತರು ಕುಳಿತು ವಾದಿಸಬಹುದಾದ ವಿಷಯ. ಕುರಾನಿನ ಅರ್ಥವನ್ನು ನ್ಯಾಯಪೀಠ ನಿರ್ಣಯಿಸಹೊರಟರೆ ಗೆದ್ದವರಿಗೂ ಸೋತವರಿಗೂ ಸಮಾಧಾನವಿರದು.

ನನಗೆ ಮೂಲ್ಕಿಯ ದಾರಿಯೇ ಮೇಲೆಂದು ತೋರುತ್ತದೆ. ನಿಮ್ಮ ನಂಬಿಕೆ ನಿಜವೆಂದೇ ಇಟ್ಟುಕೊಳ್ಳೋಣ, ಆದರೂ ಬಾಗಿಲಾಚೆ ನಿಂತವನಿಗೂ ಒಂದು ಹಕ್ಕಿದೆ ಎಂದು ಹೇಳುವ ರಾಜ್ಯ, ಸೋತವನಿಗೂ ಅವನ ದೇವರನ್ನು ಉಳಿಸಿಕೊಡುತ್ತದೆ. ಅಂಥ ರಾಜ್ಯಕ್ಕೆ ಒಪ್ಪುವ ಕನ್ನಡ ಪದವನ್ನು ಮಿತ್ರರಿಗಾಗಿ ನಾನಿನ್ನೂ ಹುಡುಕುತ್ತಿದ್ದೇನೆ.