ಮೂರು ಮೈಯ ಗಾರೆ

“ಸಾರ್, ಉದ್ದ, ಅಗಲ, ಆಳ ಮೂರೂ ಒಂದೇ ಇರ್ಬೇಕು ಅಂದ್ರಿ. ಹತ್ತು ಸಾವಿರ ಲೀಟರ್ ಹಿಡೀಬೇಕು ಅಂದ್ರಿ. ಒಳಗಿನ ಅಳತೆ ಎಷ್ಟು ಹೇಳಿ, ಗೋಡೆ ದಪ್ಪ ನಾನು ಸೇರಿಸ್ಕೋತೀನಿ.”

ಸಂಪಿನ ಜಾಗದಲ್ಲಿ ಸುಣ್ಣದ ಪುಡಿ ಹಿಡಿದು ನಿಂತಿದ್ದ ಮೇಸ್ತ್ರಿ ಹೀಗೆ ಕೇಳಿದಾಗ ನನ್ನ ಮೊಬೈಲು ಪಕ್ಕದ ಮನೆಯಲ್ಲಿ ಚಾರ್ಜಿಗಿತ್ತು. ಕೂಗಿದರೆ ಯಾರಾದರೂ ತಂದುಕೊಡುತ್ತಿದ್ದರು. ನಾನು ಕೂಗಲಿಲ್ಲ. ಸಾವಿರ ಲೀಟರೆಂದರೆ ಒಂದು ಘನಮೀಟರು, ಹತ್ತು ಸಾವಿರಕ್ಕೆ ಹತ್ತು. ಹಾಗಾದರೆ ಬೇಕಿರುವುದು ಹತ್ತರ ಘನಮೂಲ. ಇಂಥದ್ದೊಂದು ತಾನಾಗಿ ಎದುರು ಬಂದು ನಿಂತಾಗ ಬಿಡುವುದುಂಟೇ? ಮೇಸ್ತ್ರಿಯ ಕಿವಿಯ ಮೇಲಿದ್ದ ಪೆನ್ಸಿಲು ಇಸಕೊಂಡು ಒಂದು ಸಿಮೆಂಟ್ ಬ್ಲಾಕಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತೆ.

ಈ ಗೀಳು ನನಗೆ ಹತ್ತಿದ್ದು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಹೇಳಿಕೊಂಡ ಒಂದು ಪ್ರಸಂಗದಿಂದ. ಬ್ರೆಜಿಲ್‌ನ ಒಂದು ಹೋಟೆಲಿನಲ್ಲಿ ಅಬಾಕಸ್ ಮಾರುವ ಜಪಾನಿ ವ್ಯಾಪಾರಿಯೊಬ್ಬನಿಗೂ ಅವರಿಗೂ ಲೆಕ್ಕದ ಪಂದ್ಯ ನಡೆಯುತ್ತದೆ. ಕೂಡುವುದರಲ್ಲಿ ಮಣಿಗಳದ್ದೇ ಮೇಲುಗೈ. ಕೊನೆಗೆ ಘನಮೂಲದ ಸರದಿ, ಕೊಟ್ಟ ಸಂಖ್ಯೆ 1729.03. ಒಂದು ಘನ ಅಡಿಯಲ್ಲಿ 1728 ಘನ ಇಂಚು ಎಂಬುದು ಫೈನ್‌ಮನ್‌ಗೆ ಗೊತ್ತಿತ್ತು, ಅಂದರೆ ಉತ್ತರ ಹನ್ನೆರಡಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಆ ಕೂದಲೆಳೆಯನ್ನು ಒಂದೇ ಭಾಗಾಕಾರದಲ್ಲಿ ಹಿಡಿದು 12.002 ಎಂದು ಬರೆದು ಅವರು ಗೆದ್ದರು.

ಆ ಭಾಗಾಕಾರ ಯಾವುದೆಂದು ಪಠ್ಯಪುಸ್ತಕದಲ್ಲಿ ನಾನೂ ಓದಿದ್ದೆ. dV = 3a² da. ಪರೀಕ್ಷೆಗೆಂದು ಉರು ಹೊಡೆದಿದ್ದ ಆ ಸಾಲಿಗೆ ಮೈ ಬಂದದ್ದು ಅದನ್ನು ಗಾರೆಯ ಕೆಲಸವೆಂದು ನೋಡಿದ ಮೇಲೆ. ಪ್ರತಿ ಅಂಚೂ a ಉದ್ದವಿರುವ ಒಂದು ಘನ ಕಲ್ಲನ್ನು ನೆನೆಸಿಕೊಳ್ಳಿ. ಅದು ಎಲ್ಲ ದಿಕ್ಕಿಗೂ ಸಮನಾಗಿ ಚೂರು ಬೆಳೆಯಬೇಕು. ಒಂದು ಮೂಲೆಯಲ್ಲಿ ಕೂಡುವ ಮೂರು ಮೈಗಳಿಗೆ ತೆಳ್ಳಗೆ ಗಾರೆ ಬಳಿದರೆ ಆಯಿತು. ಒಂದೊಂದು ಮೈಯ ವಿಸ್ತೀರ್ಣ a², ಮೂರೂ ಸೇರಿ 3a², ಗಾರೆಯ ದಪ್ಪ da. ಗಾರೆ ಎಷ್ಟಿದೆಯೆಂದು ಗೊತ್ತಿದ್ದರೆ ಅದನ್ನು 3a² ಇಂದ ಭಾಗಿಸಿದಾಗ ದಪ್ಪ ಸಿಗುತ್ತದೆ. ಫೈನ್‌ಮನ್ ಲೆಕ್ಕದಲ್ಲಿ ಗಾರೆ 1.03, ಬಳಿಯುವ ಮೈ 3×144, ಅಂದರೆ 432. ಭಾಗಿಸಿದರೆ ಸುಮಾರು 0.0024. ಡಿಫರೆನ್ಷಿಯಲ್ ಎಂದರೆ ಈ ತೆಳು ಪದರ, ರೇಖೀಯ ಅಂದಾಜು ಎಂದರೆ ಆ ಪದರವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು.

ಬ್ಲಾಕಿನ ಮೇಲೆ ನಾನು ಮೊದಲು ಬರೆದದ್ದು 8. ಹತ್ತಕ್ಕೆ ಹತ್ತಿರದ ಪೂರ್ಣ ಘನ ಅದೇ, ಅದರ ಅಂಚು 2. ಇನ್ನೂ 2 ಘನಮೀಟರು ಗಾರೆ ಉಳಿದಿದೆ, ಬಳಿಯಬೇಕಾದ ಮೈ 3×4, ಅಂದರೆ 12. ಎರಡನ್ನು ಹನ್ನೆರಡರಿಂದ ಭಾಗಿಸಿದರೆ ಆರರಲ್ಲೊಂದು ಪಾಲು. ಉತ್ತರ 2.1667.

ಇಲ್ಲಿಗೇ ಎದ್ದುಬಿಡುವುದು ನನ್ನ ಜಾಯಮಾನವಲ್ಲ. ತಿರುಗಿ ಗುಣಿಸಿ ನೋಡಿದೆ. ಹತ್ತು ಬರಬೇಕಾದಲ್ಲಿ 10.171 ಬಂತು. 171 ಲೀಟರು ಹೆಚ್ಚು. ಈ ಹೆಚ್ಚುವರಿ ಎಲ್ಲಿಂದ ಬಂತೆಂದು ಹುಡುಕುವುದರಲ್ಲೇ ಈ ಹವ್ಯಾಸದ ರುಚಿಯೆಲ್ಲ ಇರುವುದು. ಮೂರು ಮೈಗೆ ಬಳಿದ ಗಾರೆ ಅಂಚಿನಲ್ಲಿ ಒಂದನ್ನೊಂದು ಮುಟ್ಟುವುದಿಲ್ಲ, ಎರಡು ಪದರಗಳ ನಡುವೆ ಅಂಚಿನುದ್ದಕ್ಕೂ ಒಂದು ಚೌಕ ಸಂದಿ ಉಳಿಯುತ್ತದೆ. ಅಂಥ ಸಂದಿ ಮೂರು, ಅವು ಕೂಡುವ ಮೂಲೆಯಲ್ಲಿ ಇನ್ನೊಂದು ಪುಟ್ಟ ಗುಳಿ. ಕಲ್ಲು ಪೂರ್ತಿ ಘನವಾಗಬೇಕಾದರೆ ಇವನ್ನೂ ತುಂಬಬೇಕು. ಒಂದೊಂದು ಸಂದಿಯ ಉದ್ದ 2 ಮೀಟರು, ಅಗಲ ದಪ್ಪ ಎರಡೂ ಮೀಟರಿನ ಆರನೇ ಒಂದು ಪಾಲು. ಮೂರೂ ಸೇರಿ ಸುಮಾರು 167 ಲೀಟರು. ಮೂಲೆಯ ಗುಳಿಗೆ ಐದಕ್ಕೂ ತುಸು ಕಡಿಮೆ. ಎರಡನ್ನೂ ಕೂಡಿಸಿದರೆ ಅದೇ 171! ತಪ್ಪು ಎಷ್ಟೆಂದು ಮಾತ್ರವಲ್ಲ, ಅದು ಕುಳಿತಿರುವ ಜಾಗವೂ ಕಣ್ಣಿಗೆ ಕಂಡಿತು.

ಜಾಗ ಕಂಡ ಮೇಲೆ ತಪ್ಪಿನ ಗುಣವೂ ತಿಳಿಯುತ್ತದೆ. ಈ ಅಂದಾಜು ಯಾವಾಗಲೂ ನಿಜಕ್ಕಿಂತ ಹೆಚ್ಚೇ ಬರುತ್ತದೆ, ಕೆಳಗಿನಿಂದ ಹೊರಟರೂ ಅಷ್ಟೆ, ಮೇಲಿನಿಂದ ಇಳಿದರೂ ಅಷ್ಟೆ. ಇಪ್ಪತ್ತರ ಘನಮೂಲ ಬೇಕೆಂದು 27ರಿಂದ ಇಳಿಯುತ್ತೇವೆ ಎನ್ನಿ. ಈಗ ಬಳಿಯುವ ಬದಲು ಮೂರು ಮೈಯಿಂದ ಕೆತ್ತಿ ತೆಗೆಯಬೇಕು. 7ನ್ನು 27ರಿಂದ ಭಾಗಿಸಿ 3ರಿಂದ ಕಳೆದರೆ 2.74, ನಿಜವಾದ ಉತ್ತರ 2.714. ಕೆತ್ತುವಾಗ ಅಂಚಿನ ಪಟ್ಟಿಯನ್ನು ಎರಡೆರಡು ಮೈಯ ಲೆಕ್ಕಕ್ಕೆ ಬರೆದಿರುತ್ತೇವೆ, ಹಾಗಾಗಿ ನಾವೆಣಿಸಿದಷ್ಟು ಕಲ್ಲು ಹೋಗಿರುವುದಿಲ್ಲ, ಇನ್ನಷ್ಟು ಆಳಕ್ಕೆ ಕೆತ್ತಬೇಕಿತ್ತು.

ಎಷ್ಟು ತಪ್ಪಿದೆ ಎಂಬುದಕ್ಕೂ ಒಂದು ಸುಲಭದ ಅಳತೆಯಿದೆ. ಸಂದಿಗಳಿಗೆ ಬೇಕಾದ 3a·da² ಎಂಬ ಗಾರೆಯನ್ನು ಅದೇ 3a² ಇಂದ ಭಾಗಿಸಿದರೆ ಉಳಿಯುವುದು da²/a. ತಿದ್ದುಪಡಿಯ ವರ್ಗವನ್ನು ಹೊರಟ ಅಂಚಿನಿಂದ ಭಾಗಿಸಿದಷ್ಟೇ. ನನ್ನ ಸಂಪಿಗೆ ಅದು 72ರಲ್ಲಿ ಒಂದು, ಸುಮಾರು 0.014. ಒಂದೂವರೆ ಸೆಂಟಿಮೀಟರಿಗೆ ತುಸು ಕಡಿಮೆ. ತಿದ್ದುಪಡಿ ಹತ್ತರಲ್ಲೊಂದಾದರೆ ತಪ್ಪು ನೂರರಲ್ಲೊಂದಾಗುತ್ತದೆ. ಹಾಗಾಗಿ ಜಾಣತನವಿರುವುದು ಹೊರಡುವ ಜಾಗವನ್ನು ಆರಿಸುವುದರಲ್ಲಿ. ಗಾರೆ ದಪ್ಪವಾದಷ್ಟೂ ಸಂದಿ ಅಗಲ.

ಎರಡನೇ ಸಲ 2.15ರಿಂದ ಹೊರಟೆ. ಅದರ ವರ್ಗ 4.6225, ಘನ 9.9384. ಉಳಿದ ಗಾರೆ 0.0616 ಮಾತ್ರ, ಬಳಿಯುವ ಮೈ 13.8675. ಭಾಗಿಸಿದರೆ 0.0044. ಉತ್ತರ 2.1544 ಮೀಟರು. ಈ ಸಲದ ತಪ್ಪನ್ನು ಅದೇ ಸೂತ್ರದಿಂದ ಅಳೆದರೆ ಮಿಲಿಮೀಟರಿನ ನೂರನೇ ಒಂದು ಪಾಲೂ ಇಲ್ಲ. ಅಷ್ಟು ಸಣ್ಣದನ್ನು ಯಾವ ಕರಣೆಯೂ ಕಾಣದು.

“ಏಳಡಿ, ಮೇಲೆ ಮುಕ್ಕಾಲಿಂಚು ಚಿಲ್ಲರೆ,” ಎಂದೆ ಎದ್ದು.

ಮೇಸ್ತ್ರಿ ಬ್ಲಾಕಿನ ಮೇಲಿನ ಅಂಕಿಗಳನ್ನು ಬಗ್ಗಿ ನೋಡಿದರು. “ಒಳಗಡೆ ಅರ್ಧ ಇಂಚು ಗಾರೆ ಬರುತ್ತಲ್ಲ ಸಾರ್, ಅದನ್ನ ಹಿಡಿದಿದ್ದೀರಾ?”

ಹಿಡಿದಿರಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲೇ ಬಳಿಯುತ್ತಿದ್ದ ಗಾರೆ ಈಗ ನಿಜವಾಗಿಯೂ ಎದುರಿಗಿತ್ತು. ಮತ್ತೆ ಕುಳಿತೆ. ನಾಲ್ಕು ಗೋಡೆ, ಒಂದು ನೆಲ, ಒಟ್ಟು ಐದು ಮೈ. ಒಂದೊಂದೂ ಸುಮಾರು 4.64 ಚದರ ಮೀಟರು, ಐದಕ್ಕೆ 23.2. ಅರ್ಧ ಇಂಚನ್ನು 12 ಮಿಲಿಮೀಟರೆಂದು ಹಿಡಿದರೆ 0.28 ಘನಮೀಟರು. ನೀರಿಗೆ ಸಿಗಬೇಕಾದ ಜಾಗದಲ್ಲಿ 280 ಲೀಟರನ್ನು ಗಾರೆಯೇ ತಿಂದುಬಿಡುತ್ತದೆ. ನಾನು ಅಷ್ಟು ಕಷ್ಟಪಟ್ಟು ಸರಿಮಾಡಿದ ಸಂದಿಗಳ 171 ಲೀಟರಿಗಿಂತಲೂ ಹೆಚ್ಚು.

“ಉದ್ದ, ಅಗಲಕ್ಕೆ ಒಂದೊಂದಿಂಚು, ಆಳಕ್ಕೆ ಅರ್ಧ ಇಂಚು ಜಾಸ್ತಿ ಇಡಿ ಮೇಸ್ತ್ರಿ.”

“ಅದೇ ಸರಿ,” ಎಂದು ಪೆನ್ಸಿಲು ವಾಪಸು ಪಡೆದು ಕಿವಿಗೆ ಸಿಕ್ಕಿಸಿಕೊಂಡು, ಅವರು ಸುಣ್ಣದ ಗೆರೆ ಎಳೆಯಲು ಬಗ್ಗಿದರು. ಆ ಬ್ಲಾಕು ಸಂಪಿನ ಪೂರ್ವದ ಗೋಡೆಗೆ ಸೇರಿತು. ಅಂಕಿಗಳ ಮೇಲೆ ಈಗ ಅರ್ಧ ಇಂಚು ಗಾರೆಯಿದೆ.