ಹಿಮದ ದಾರಿಗೆ ಹತ್ತಿ ಸಲ್ಲದು

ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಕೇದಾರಕಂಠವೆಂಬ ಶಿಖರವೊಂದುಂಟು. ಎತ್ತರ ಸುಮಾರು 12,500 ಅಡಿ. ಡಿಸೆಂಬರಿನಿಂದ ಮಾರ್ಚಿಯವರೆಗೆ ಅದು ಹಿಮವನ್ನು ಹೊದ್ದು ಮಲಗಿರುವಾಗಲೇ ಅದನ್ನು ಏರುವ ಹಂಬಲ ನಮ್ಮ ಊರುಗಳ ತರುಣ ತರುಣಿಯರಿಗೆ ಹೆಚ್ಚು. ಅಂಥದೊಂದು ತಂಡವನ್ನು ಕರೆದೊಯ್ಯಲಿದ್ದ ಮೈಸೂರಿನ ನಾಯಕನೊಬ್ಬ, ಹೊರಡುವುದಕ್ಕೆ ಮೂರು ವಾರ ಮೊದಲೇ ಎಲ್ಲರ ಮೊಬೈಲಿಗೂ ಒಂದು ಸಂದೇಶವನ್ನು ಕಳುಹಿಸಿದ. ಅದರಲ್ಲಿ ಸ್ವಾಗತದ ಮಾತಾಗಲಿ ಹಿಮಾಲಯದ ವರ್ಣನೆಯಾಗಲಿ ಇರಲಿಲ್ಲ. ಮೊದಲ ಸಾಲೇ ಹೀಗಿತ್ತು: “ಹತ್ತಿಯ ಬಟ್ಟೆ ಯಾವುದೂ ಬೇಡ. ಬನಿಯನ್ ಬೇಡ, ಜೀನ್ಸ್ ಬೇಡ, ಹತ್ತಿಯ ಕಾಲುಚೀಲ ಬೇಡವೇ ಬೇಡ.”

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಈ ಸಾಲು ಚಿಕ್ಕದೊಂದು ಕಲಹವನ್ನೇ ಎಬ್ಬಿಸಿತು. ಮಗಳು ಹೊರಡುವವಳು, ತಾಯಿ ಅವಳಿಗಾಗಿ ಆಗಲೇ ಆರು ಹೊಸ ಹತ್ತಿಯ ಬನಿಯನ್ನುಗಳನ್ನು ತಂದಿಟ್ಟಿದ್ದರು. “ಹತ್ತಿಗಿಂತ ಮೈಗೆ ಹಿತವಾದದ್ದು ಯಾವುದಿದೆಯಮ್ಮ? ಬೆವರು ಹೀರುತ್ತೆ, ಮೈ ಕೆರೆಯುವುದಿಲ್ಲ” ಎಂಬುದು ಅವರ ವಾದ. ಬೆಂಗಳೂರಿನ ಹವೆಗೆ ಆ ವಾದ ಸರಿಯಾದದ್ದೇ. ಬೆವರನ್ನು ಹೀರುವುದು ಹತ್ತಿಯ ಗುಣ. ಹಿಮದಲ್ಲಿ ಅದರ ದೋಷವೂ ಅದೇ.

ಸಾಂಕ್ರಿ ಎಂಬ ಹಳ್ಳಿಯಿಂದ ನಡಿಗೆ ಆರಂಭ. ಪೈನ್ ಮರಗಳ ನಡುವೆ ಕಡಿದಾದ ಏರುದಾರಿ. ಬೆನ್ನಿನ ಮೇಲೆ ಎಂಟೋ ಹತ್ತೋ ಕಿಲೋ ಭಾರ. ಸುತ್ತಲೂ ಎಷ್ಟೇ ಚಳಿಯಿರಲಿ, ಅರ್ಧ ಗಂಟೆಯೊಳಗೆ ಬೆನ್ನು ಬೆವೆಯುತ್ತದೆ. ಹತ್ತಿಯ ಬನಿಯನ್ ಆ ಬೆವರನ್ನೆಲ್ಲ ಕುಡಿದು ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ. ನಡೆಯುತ್ತಿರುವವರೆಗೂ ಅದರಿಂದ ಬಾಧೆಯಿಲ್ಲ. ಮಧ್ಯಾಹ್ನ ಜೂಡಾ ಕಾ ತಾಲಾಬ್ ಎಂಬ ಹೆಪ್ಪುಗಟ್ಟಿದ ಕೊಳದ ಬಳಿ ಎಲ್ಲರೂ ಕುಳಿತಾಗ ಬಾಧೆ ತೊಡಗುತ್ತದೆ. ದೇಹ ಶಾಖವನ್ನು ಹುಟ್ಟಿಸುವುದು ಕಡಮೆಯಾಗುತ್ತದೆ, ಒದ್ದೆ ಬಟ್ಟೆ ಮಾತ್ರ ಒಣಗುವುದಿಲ್ಲ. ನಿಶ್ಚಲವಾದ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಎಳೆಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲಿ ನೀರು ತುಂಬಿದ ಮೇಲೆ ಆ ಬಟ್ಟೆ ಹೊದಿಕೆಯಾಗಿ ಉಳಿಯುವುದಿಲ್ಲ. ಮೈಯ ಶಾಖವನ್ನು ಹೊರಗೆ ಸಾಗಿಸುವ ಕಾಲುವೆಯಾಗುತ್ತದೆ. ಜೀನ್ಸಿನ ಪಾಡಂತೂ ಇನ್ನೂ ಹೀನ. ಮೊಣಕಾಲುದ್ದ ಹಿಮದಲ್ಲಿ ನೆನೆದ ಜೀನ್ಸು ರಾತ್ರಿ ಡೇರೆಯಲ್ಲಿ ಹಲಗೆಯಂತೆ ಸೆಟೆದು ನಿಲ್ಲುತ್ತದೆ.

ಉಣ್ಣೆ ಹೀಗಲ್ಲ. ಅದೂ ತೇವವನ್ನು ಹೀರುತ್ತದೆ. ಆದರೆ ಗುಂಗುರಾದ ಅದರ ಎಳೆಗಳು ನೆನೆದರೂ ಕುಸಿಯದೆ ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ಪಾಲಿಯೆಸ್ಟರ್ ಎಳೆಯಾದರೋ ನೀರನ್ನು ಹೀರುವುದೇ ಅತ್ಯಲ್ಪ, ಬೇಗ ಆರುತ್ತದೆ. ಆದ್ದರಿಂದ ನಾಯಕನ ಪಟ್ಟಿಯಲ್ಲಿ ಮೈಗೆ ಹತ್ತಿದಂತೆ ಪಾಲಿಯೆಸ್ಟರಿನ ಒಳಅಂಗಿ, ಅದರ ಮೇಲೆ ಉಣ್ಣೆಯದೋ ಫ್ಲೀಸಿನದೋ ಅಂಗಿ, ಅದರ ಮೇಲೆ ಗಾಳಿ ನೀರು ತಡೆಯುವ ಕೋಟು. ಒಂದೇ ದಪ್ಪ ಕೋಟಿಗೆ ಬದಲು ಮೂರು ತೆಳುವಾದವು ಏಕೆಂದರೆ, ಬೆವರುವ ಮೊದಲೇ ಒಂದನ್ನು ಕಳಚಲು ಬರುತ್ತದೆ. “ಹೊರಡುವಾಗ ಸ್ವಲ್ಪ ಚಳಿಯಾಗುತ್ತಿರಲಿ. ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ನಿಂತ ಕೂಡಲೇ, ಚಳಿ ಎನಿಸುವುದಕ್ಕೆ ಮೊದಲೇ, ದಪ್ಪ ಕೋಟು ಹಾಕಿಕೊಳ್ಳಿ” ಎಂದು ಅವನು ಬರೆದಿದ್ದ. ಹೊಸಬರು ಮಾಡುವುದು ಇದಕ್ಕೆ ತೀರ ವಿರುದ್ಧ: ಹೊರಡುವಾಗ ಇರುವುದನ್ನೆಲ್ಲ ಹೊದ್ದು, ನಿಂತಾಗ ಸೆಖೆಯೆಂದು ಎಲ್ಲವನ್ನೂ ಬಿಚ್ಚಿಡುತ್ತಾರೆ.

ತಾಯಿಯ ಇನ್ನೊಂದು ಏರ್ಪಾಟು ಕಾಲುಚೀಲಗಳದು. ನಾಲ್ಕು ಜೊತೆಗಳನ್ನು ಒಂದರ ಮೇಲೊಂದು ಹಾಕಿಕೊಂಡರೆ ನಾಲ್ಕರಷ್ಟು ಬೆಚ್ಚಗಿರಬೇಕಲ್ಲವೆ? ಗಣಿತ ಸರಿ, ಬೂಟು ಮಾತ್ರ ಒಪ್ಪುವುದಿಲ್ಲ. ಬೂಟು ಬಿಗಿಯಾಗಿ ಬೆರಳುಗಳಿಗೆ ರಕ್ತ ಹರಿಯುವುದು ಕುಂದಿತೆಂದರೆ ಎಷ್ಟು ಚೀಲವಿದ್ದರೂ ಕಾಲು ತಣ್ಣಗೇ. ತೆಳುವಾದದ್ದು ಒಂದು, ಉಣ್ಣೆಯದು ಒಂದು, ಬೂಟಿನೊಳಗೆ ಬೆರಳಾಡಿಸಲು ಜಾಗ: ಇಷ್ಟೇ ನಿಯಮ. ಮಲಗುವಾಗ ತೊಡುವ ಒಂದು ಜೊತೆ ಬಟ್ಟೆ ಮತ್ತು ಕಾಲುಚೀಲಗಳನ್ನು ಬೇರೆಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು; ಏನೇ ಆಗಲಿ, ಅವನ್ನು ತೊಟ್ಟು ನಡೆಯಕೂಡದು. ರಾತ್ರಿ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯಬಹುದಾದ ಸ್ಥಳದಲ್ಲಿ ಒಣಗಿದ ಒಂದು ಜೊತೆ ಬಟ್ಟೆಗೆ ಇರುವ ಬೆಲೆ ರೇಷ್ಮೆಗೂ ಇಲ್ಲ.

ನಿಷೇಧದ ಪಟ್ಟಿ ಬಂದಾಗ ಕಲಹ ತಾಯಿಯಿಂದ ದೊಡ್ಡಪ್ಪನವರ ಕಡೆಗೆ ತಿರುಗಿತು. ಅವರು ಔಷಧಿಗೆಂದು ಒಂದು ಪುಟ್ಟ ಸೀಸೆ ಬ್ರಾಂದಿಯನ್ನು ಮಗಳ ಚೀಲದಲ್ಲಿ ಇರಿಸಿದ್ದರು. ಅವರೇನೂ ಕುಡಿಯುವವರಲ್ಲ, ಚಳಿಗೆ ಬ್ರಾಂದಿ ಮದ್ದೆಂಬ ನಂಬಿಕೆ ನಮ್ಮ ಸಭ್ಯ ಮನೆಗಳಲ್ಲಿ ಬಹಳ ಹಳೆಯದು. ಸಂದೇಶದಲ್ಲಿ ಮಾತ್ರ ಮದ್ಯ, ನಿದ್ರೆಯ ಗುಳಿಗೆ, ಡೇರೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಮೂರನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿತ್ತು. ದೊಡ್ಡಪ್ಪನವರು ಫೋನು ಮಾಡಿಯೇ ಕೇಳಿದರು. ನಾಯಕ ಸಾವಧಾನವಾಗಿ ಹೇಳಿದ: “ಸಾರ್, ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗಿ ಶಾಖವನ್ನು ಒಳಗೇ ಉಳಿಸುತ್ತವೆ. ಬ್ರಾಂದಿ ಅವನ್ನು ಹಿಗ್ಗಿಸುತ್ತದೆ. ಬಿಸಿರಕ್ತ ಚರ್ಮಕ್ಕೆ ಬರುವುದರಿಂದ ಮೈ ಬೆಚ್ಚಗಾಯಿತು ಅನ್ನಿಸುತ್ತದೆ. ನಿಜವಾಗಿ ಒಳಗಿನ ಶಾಖ ಹೊರಕ್ಕೆ ಸೋರುತ್ತಿರುತ್ತದೆ.” ಗುಳಿಗೆಯ ಮಾತೂ ಅಷ್ಟೆ. ಗಾಳಿ ತೆಳುವಾದ ಎತ್ತರದಲ್ಲಿ ಉಸಿರಾಟವನ್ನು ಮಂದಗೊಳಿಸುವ ನಿದ್ರೆ ಅಪಾಯದ್ದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಡೇರೆಯಲ್ಲಿ ಮಲಗಿದವರು ಏಳದೇ ಹೋಗಬಹುದು.

ಶಿಖರಕ್ಕೆ ಹೊರಡುವುದು ನಸುಕಿನಲ್ಲಿ, ತಲೆಗೆ ದೀಪ ಕಟ್ಟಿಕೊಂಡು. ಆ ಕತ್ತಲಲ್ಲಿ ಯಾರ ಮೈ ತಣ್ಣಗಾಗುತ್ತಿದೆಯೆಂದು ತಿಳಿಯುವುದು ಹೇಗೆ? ಅದಕ್ಕೂ ಸಂದೇಶದಲ್ಲಿ ಉತ್ತರವಿತ್ತು. ಜೊತೆಯವರು ಪರಸ್ಪರ ಮಾತನಾಡಿಸುತ್ತಿರಬೇಕು. ನಾಲಗೆ ತೊದಲಿದರೆ, ಹೆಜ್ಜೆ ತಡವರಿಸಿದರೆ, ಕೋಟಿನ ಜಿಪ್ಪೆಳೆಯಲು ಬೆರಳು ಬಾರದಿದ್ದರೆ, ಹಸನ್ಮುಖಿ ಕಾರಣವಿಲ್ಲದೆ ಸಿಡುಕಿದರೆ ಕೂಡಲೇ ನಿಲ್ಲಿಸಬೇಕು. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸುವಂತೆ ಹೇಳಿ ನೋಡಬೇಕು, ಮುಟ್ಟಿಸಲಾಗದವರು ಇಳಿಯಬೇಕು. ನಡುಕ ಕಷ್ಟವೇ ಸರಿ, ಆದರೆ ದೇಹ ಇನ್ನೂ ಹೋರಾಡುತ್ತಿದೆಯೆಂಬ ಗುರುತು ಅದು. ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಅದು ಗುಣವಲ್ಲ, ಭಯಪಡಬೇಕಾದ ಘಟ್ಟ. ಇಂಥವರು ತಮಗೇನೂ ಆಗಿಲ್ಲವೆಂದೇ ಹಟ ಹಿಡಿಯುತ್ತಾರೆ. ಮಿದುಳೂ ತಣ್ಣಗಾಗಿರುವುದರಿಂದ ಅವರ ಮಾತನ್ನು ಪ್ರಮಾಣವೆಂದು ತೆಗೆದುಕೊಳ್ಳಬಾರದು.

ಬಿಸಿಲೇರಿದ ಮೇಲೆ ಹಿಮದಿಂದ ಪ್ರತಿಫಲಿಸುವ ಕಿರಣಗಳ ಭೀತಿ ಬೇರೆ. ಕಪ್ಪು ಕನ್ನಡಕವಿಲ್ಲದೆ ನಡೆದವರ ಕಣ್ಣು ಅಲ್ಲಿಯೇ ಉರಿಯುವುದಿಲ್ಲ. ಕೆಲವು ಗಂಟೆಗಳ ಮೇಲೆ, ಡೇರೆ ಸೇರಿದಾಗ, ಮರಳು ಸುರಿದಂತೆ ನೋಯುತ್ತದೆ. ಆದ್ದರಿಂದ ಕನ್ನಡಕ ಐಚ್ಛಿಕವಲ್ಲ.

ಸಾಂಕ್ರಿಯಲ್ಲಿ ಎಲ್ಲರ ಚೀಲಗಳನ್ನೂ ಬಿಚ್ಚಿಸಿ ನೋಡುವುದಾಗಿ ಸಂದೇಶದ ಕೊನೆಯಲ್ಲಿತ್ತು. ಸಲ್ಲದ ವಸ್ತುಗಳು ಹೆಸರು ಬರೆದ ಚೀಲದಲ್ಲಿ ಹಳ್ಳಿಯ ಕೊಠಡಿಯಲ್ಲೇ ಉಳಿಯುತ್ತವೆ; ಇಳಿದು ಬಂದವರಿಗೆ ಮರಳಿ ಕೊಡಲಾಗುತ್ತದೆ. ಬಸವನಗುಡಿಯ ಚೀಲಕ್ಕೆ ಆ ಅಗತ್ಯ ಬೀಳಲಿಲ್ಲ. ಬನಿಯನ್ನುಗಳು ತಂದೆಯವರ ಪಾಲಾದವು. ಸೀಸೆ ದೊಡ್ಡಪ್ಪನವರ ಕಪಾಟಿಗೆ ಹಿಂದಿರುಗಿತು.