ನಾಲ್ಕು ವರ್ಷ ದಾಟಿದರೆ ಸ್ವರದ ಕಿವಿ ಬರೋದೇ ಇಲ್ವಾ?

ಅಕ್ಕನ ಮಗಳಿಗೆ ಈಗ ನಾಲ್ಕು ವರ್ಷ. "ಈಗಲೇ ಶುರು ಮಾಡದಿದ್ದರೆ ಆಬ್ಸಲ್ಯೂಟ್ ಪಿಚ್ ಬರೋದೇ ಇಲ್ವಂತೆ, ನಿಜಾನಾ ನೋಡಿ ಹೇಳೋ" ಅಂತ ಅಕ್ಕ ಕೇಳಿದಳು. ಕ್ಲಾಸಿನ ಫೀಸು ಕಟ್ಟೋ ಮೊದಲು ಕೇಳಿದ್ದು ಒಳ್ಳೆಯದೇ ಆಯ್ತು. ನಾನೂ ಕೂತು ಓದಿದೆ.

ಆಬ್ಸಲ್ಯೂಟ್ ಪಿಚ್ ಅಂದರೆ, ಬೇರೆ ಯಾವ ಸ್ವರದ ಆಸರೆಯೂ ಇಲ್ಲದೆ, ಕೇಳಿದ ಸ್ವರ ಕೀಬೋರ್ಡಿನ ಯಾವ ಕೀಲಿಯದು ಅಂತ ಹೇಳಬಲ್ಲ ಶಕ್ತಿ. ಇದರ ಬಗ್ಗೆ ಹೆಚ್ಚಾಗಿ ಕೇಳಿಬರೋದು 1998ರಲ್ಲಿ ಬಹರ್ಲೂ ಮತ್ತು ಸಂಗಡಿಗರು ಅಮೆರಿಕದಲ್ಲಿ ಸಂಗೀತಗಾರರನ್ನು ವಿಚಾರಿಸಿ ಕಂಡುಕೊಂಡ ಅಂಕಿ. ನಾಲ್ಕು ವರ್ಷದೊಳಗೆ ಕಲಿಕೆ ಶುರು ಮಾಡಿದವರಲ್ಲಿ ಶೇ. 40 ಮಂದಿ ತಮಗೆ ಈ ಶಕ್ತಿ ಇದೆ ಅಂದರು. ಒಂಬತ್ತರ ನಂತರ ಶುರು ಮಾಡಿದವರಲ್ಲಿ ಬರೀ ಶೇ. 3.

ವ್ಯತ್ಯಾಸ ದೊಡ್ಡದೇ. ಆದರೆ ಇದು ಅವರವರೇ ಹೇಳಿಕೊಂಡ ಮಾತು. ಜೊತೆಗೆ, ಮೂರು-ನಾಲ್ಕು ವರ್ಷಕ್ಕೇ ಪಿಯಾನೋ ಮುಂದೆ ಕೂರೋ ಮಗು ಯಾರದು? ಸಂಗೀತದ ಮನೆಯದ್ದಿರಬಹುದು, ಅಥವಾ ಕಿವಿ ಚುರುಕಾಗಿದೆ ಅಂತಲೇ ಬೇಗ ಸೇರಿಸಿರಬಹುದು. ಆಗ ಕಾರಣ ಯಾವುದು, ಪರಿಣಾಮ ಯಾವುದು ಅಂತ ಬೇರ್ಪಡಿಸೋದು ಕಷ್ಟ. ಬೇಗ ಶುರು ಮಾಡಿದವರಲ್ಲೂ ಶೇ. 60 ಮಂದಿಗೆ ಬಂದಿಲ್ಲ ಅನ್ನೋದನ್ನೂ ಮರೆಯಬಾರದು.

ಇದಕ್ಕಿಂತ ಗಟ್ಟಿಯಾದದ್ದು 2014ರಲ್ಲಿ ಪ್ರಕಟವಾದ, ಜಪಾನಿನ ಅಯಾಕೊ ಸಕಾಕಿಬಾರ ಅವರ ಅಧ್ಯಯನ. ಅವರು ಎರಡರಿಂದ ಆರು ವರ್ಷದ 24 ಮಕ್ಕಳನ್ನು ಹಿಂಬಾಲಿಸಿದರು. ಪಿಯಾನೋದಲ್ಲಿ ಮೂರು ಸ್ವರ ಒಟ್ಟಿಗೆ ನುಡಿಸಿ ಗುರುತಿಸಲು ಕಲಿಸೋದು, ಅದು ಬಂದ ಮೇಲೆ ಇನ್ನೊಂದು ಗುಂಪು ಸೇರಿಸೋದು, ಹೀಗೆ ದಿನಾ ಕೆಲವು ನಿಮಿಷಗಳ ಅಭ್ಯಾಸ, ಬಹಳ ಕಾಲ. ಇಬ್ಬರು ಮಧ್ಯದಲ್ಲಿ ಬಿಟ್ಟರು. ಉಳಿದ 22 ಮಕ್ಕಳಿಗೂ ಬಂತು. ಬಿಟ್ಟ ಇಬ್ಬರನ್ನೂ ಫೇಲ್ ಅಂತ ಎಣಿಸಿದರೂ ಶೇ. 92 ಆಗುತ್ತೆ. ಅಂದರೆ ಹುಟ್ಟಿನಿಂದಲೇ ಬರಬೇಕು ಅನ್ನೋ ಮಾತು ಸಡಿಲವಾಯ್ತು.

ಆದರೆ ಅದೇ ಅಭ್ಯಾಸವನ್ನು ಹನ್ನೆರಡು ವರ್ಷದವರಿಗೋ ದೊಡ್ಡವರಿಗೋ ಇಲ್ಲಿ ಮಾಡಿಸಿ ಹೋಲಿಸಿಲ್ಲ. ಹಾಗಾಗಿ ಇದು 'ಚಿಕ್ಕವರಿಗೆ ಕಲಿಸಿದರೆ ಬರುತ್ತೆ' ಅನ್ನೋದಕ್ಕೆ ಸಾಕ್ಷಿ. 'ಚಿಕ್ಕವರಿಗೆ ಮಾತ್ರ ಬರುತ್ತೆ' ಅನ್ನೋದಕ್ಕಲ್ಲ. ಎರಡೂ ಒಂದೇ ಥರ ಕೇಳಿಸುತ್ತೆ, ಆದರೆ ಬೇರೆ ಬೇರೆ.

'ಮಾತ್ರ' ಅನ್ನೋ ಪದವನ್ನು ಅಲ್ಲಾಡಿಸಿದ್ದು 2019ರ ಇನ್ನೊಂದು ಪ್ರಯೋಗ. ವ್ಯಾನ್ ಹೆಡ್ಜರ್ ಮತ್ತು ಸಂಗಡಿಗರು ಆರು ಜನ ವಯಸ್ಕರಿಗೆ ಎಂಟು ವಾರ ತರಬೇತಿ ಕೊಟ್ಟರು. ಇಬ್ಬರು, ಆಬ್ಸಲ್ಯೂಟ್ ಪಿಚ್ ಇರುವವರ ಮಟ್ಟದಲ್ಲೇ ಪರೀಕ್ಷೆ ಪಾಸಾದರು. ಆರು ಜನ ತೀರಾ ಕಡಿಮೆ, ನಾಲ್ವರಿಗೆ ಬರಲೂ ಇಲ್ಲ. ಆದರೆ 'ಸಾಧ್ಯವೇ ಇಲ್ಲ' ಅನ್ನೋ ಮಾತನ್ನು ಪ್ರಶ್ನಿಸೋಕೆ ಇಬ್ಬರು ಸಾಕು. ವಯಸ್ಸಾದಂತೆ ಬಾಗಿಲು ಬಹಳ ಕಿರಿದಾಗುತ್ತೆ, ಆದರೆ ಬೀಗ ಬಿದ್ದಿದೆ ಅಂತ ಹೇಳೋಕಾಗಲ್ಲ.

ಇನ್ನೊಂದು ಮಾತು. ಕರ್ನಾಟಕ ಸಂಗೀತದಲ್ಲಿ ಷಡ್ಜ ಹಾಡುವವರ ಕಂಠಕ್ಕೆ ತಕ್ಕಂತೆ ಬದಲಾಗುತ್ತೆ. ಅಲ್ಲಿ ಬೇಕಾಗಿರೋದು ತಂಬೂರಿಯ ಷಡ್ಜದಿಂದ ಉಳಿದ ಸ್ವರಗಳ ದೂರ ಅಳೆಯೋ ಕಿವಿ. ಅದನ್ನು ದೊಡ್ಡವರೂ ಕಲೀತಾರೆ.